ದೇವರ ಮನೆಯ ಪೆಟ್ಟಿಗೆ, ನನ್ನ ಹಳೆ ಫೋನು

ಹೊಟ್ಟೆ ಉರಿಯುತ್ತದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹೊಸ ಫೋನು ಕೊಂಡ ದಿನದಿಂದ ಉರಿಯುತ್ತಲೇ ಇದೆ.

ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯೇ ಸೀರೆ ಅಂಗಡಿ. ಈಗ ಎಷ್ಟೋ ಗಿರಾಕಿಗಳು ವಿಡಿಯೋ ಕಾಲ್ ಮಾಡಿಯೇ ಸೀರೆ ನೋಡುತ್ತಾರೆ. ತೋರಿಸುವ ಕೆಲಸ ಹಿರಿ ಸೊಸೆಯಾದ ನನ್ನದು. ಮುಂಡರಗಿಯ ಟೀಚರಬಾಯಿಯಂತೂ ನನ್ನ ನಂಬರಿಗೆ ಬಿಟ್ಟು ಬೇರೆ ಯಾರಿಗೂ ಫೋನು ಹಚ್ಚುತ್ತಿರಲಿಲ್ಲ. ಮಗಳ ಮದುವೆಯ ಜವಳಿಯನ್ನು ನಮ್ಮಲ್ಲೇ ತೆಗೆಯುವುದಾಗಿ ಮಾತು ಕೊಟ್ಟಿದ್ದರು. ಆದರೆ ಕಳೆದ ಸಲ ನನ್ನ ಚಿತ್ರ ನಡುನಡುವೆ ನಿಂತುಬಿಟ್ಟಿತು. “ನಿಮ್ಮ ಬಾಯಿ ತೆರೆದದ್ದು ಹಂಗ ನಿಂತೈತ್ರಿ, ಸೀರಿ ಕಾಣವಲ್ದು” ಎಂದು ನಕ್ಕು ಫೋನು ಇಟ್ಟರು. ಇನ್ನೊಮ್ಮೆ ಹೀಗಾದರೆ ಅವರು ನೆಗೆಣ್ಣಿಗೆ ಹಚ್ಚುವುದು ಖಂಡಿತ. ಅವಳ ಫೋನಿನಲ್ಲಿ ಚಿತ್ರ ಒಮ್ಮೆಯೂ ನಿಲ್ಲುತ್ತಿರಲಿಲ್ಲ.

ಹೊಸ ವೈಫೈ ಪೆಟ್ಟಿಗೆ ಹಾಕಿಕೊಟ್ಟ ಹುಡುಗ ಅದರಲ್ಲಿ ಎರಡು ಹೆಸರು ಬರುತ್ತವೆ ಎಂದಿದ್ದ: ಒಂದು ಸಾದಾ, ಇನ್ನೊಂದರ ಬಾಲಕ್ಕೆ ಐದು ಎಂಬ ಅಂಕಿ. ಆ ಐದರದ್ದು ನೆಗೆಣ್ಣಿಗೆ ಕಾಣುತ್ತಿತ್ತು, ಮೈದುನನಿಗೆ ಕಾಣುತ್ತಿತ್ತು, ಗೋಡೆಯ ಮೇಲಿನ ಟಿವಿಗೂ ಕಾಣುತ್ತಿತ್ತು. ನನಗೆ ಮಾತ್ರ ಇಲ್ಲ. ಓಣಿಯ ಮಂದಿಯ ವೈಫೈ ಹೆಸರುಗಳೆಲ್ಲ ನನ್ನ ಫೋನಿನಲ್ಲಿ ಸಾಲಾಗಿ ಕುಳಿತಿರುತ್ತಿದ್ದವು, ನಮ್ಮ ಮನೆಯ ಐದರದ್ದೇ ಇಲ್ಲ.

“ನನಗ ಕಾಣಬಾರದಂತ ಮುಚ್ಚಿ ಇಟ್ಟಿಯಲ್ಲ?” ಎಂದು ನೆಗೆಣ್ಣಿಯನ್ನು ಕೇಳಿಯೇಬಿಟ್ಟೆ.

“ಅಯ್ಯ ಅಕ್ಕಾ, ನಾ ಯಾಕ ಮುಚ್ಚಲಿ? ಪಾಸ್‌ವರ್ಡ್ ತಗೋರಿ” ಎಂದು ಅವಳು ಹೇಳಿಕೊಟ್ಟಳು. ಹೆಸರೇ ಕಾಣದಿದ್ದರೆ ಪಾಸ್‌ವರ್ಡನ್ನು ಎಲ್ಲಿ ಬರೆಯಬೇಕು? ಹೆಸರನ್ನೂ ಕೈಯಾರೆ ಬರೆದು ನೋಡಿದೆ, ಸೇರಲಿಲ್ಲ. ಬೀಗ ಒಳಗಿಟ್ಟುಕೊಂಡು ಕೀಲಿಕೈ ಕೊಟ್ಟಳು ಎಂದುಕೊಂಡೆ.

ಪೆಟ್ಟಿಗೆ ಇರುವುದು ದೇವರ ಮನೆಯಲ್ಲಿ. ಅದರ ಮಿಣುಕುವ ದೀಪ ಅಲ್ಲೇ ಇರಲಿ ಎಂದು ಅತ್ತೆ ಹಟ ಹಿಡಿದು ಇಡಿಸಿದ್ದರು. ಮರುದಿನ ಬೆಳಿಗ್ಗೆ ದೀಪ ಹಚ್ಚುವ ನೆಪದಲ್ಲಿ ಒಳಗೆ ಹೋಗಿ, ಫೋನನ್ನು ಪೆಟ್ಟಿಗೆಯ ಮೈಗೆ ಒತ್ತಿ ಹಿಡಿದು ನಿಂತೆ. ಬಾಗಿಲಲ್ಲಿ ಅತ್ತೆ. “ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ. ಪೆಟಗಿಗೂ ಆರತಿ ಮಾಡ್ತಿಯೇನು?” ಎಂದರು. ನೆಗೆಣ್ಣಿಯ ನಗು ಅಡಿಗೆ ಮನೆಯಿಂದ ಕೇಳಿಸಿತು. ಸಿಟ್ಟಿನಿಂದ ವೈಫೈ ಹಾಕಿಕೊಟ್ಟ ಹುಡುಗನನ್ನೇ ಕರೆಸಿದೆ.

ಅವನು ಮಲ್ಲಸಮುದ್ರದವನು. ನನ್ನ ಫೋನನ್ನು ಒಂದು ಗಳಿಗೆ ತಿರುವಿ ನೋಡಿದ.

“ಯಾರೂ ಮುಚ್ಚಿಲ್ರಿ ಅಕ್ಕಾರ. ಪೆಟಗಿ ಎರಡು ಥರದ ಅಲೆ ಬಿಡ್ತೈತಿ. ಒಂದು ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಜ್, ಇನ್ನೊಂದು ಐದು. ನಿಮ್ಮ ಫೋನಿನ್ಯಾಗ ಐದರ ಅಲೆ ಹಿಡಿಯೋ ರೇಡಿಯೋನ ಹಾಕಿಲ್ರಿ. ಅದರ ಕಿವಿಗೆ ಬೀಳದ ಹೆಸರನ್ನ ಅದು ಹೆಂಗ ತೋರಿಸ್ತೈತಿ?”

“ನನ್ನದೂ ಫೋರ್‌ಜಿ ಫೋನಲ್ಲೇನೋ?”

“ಅದು ಸಿಮ್ಮಿನ ಮಾತ್ರಿ, ಇದಕ್ಕ ಸಂಬಂಧಿಲ್ಲ. ಸಣ್ಣ ಅಕ್ಕಾರದೂ ಫೋರ್‌ಜಿನ ಐತಿ. ಆದರ ಅದರಾಗ ಎರಡೂ ರೇಡಿಯೋ ಅದಾವು.”

ಅಪ್‌ಡೇಟ್ ಹಾಕಿದರೆ ಬರುವುದೇ ಎಂದು ಕೇಳಿದೆ. ಇಲ್ಲದ ರೇಡಿಯೋವನ್ನು ಅಪ್‌ಡೇಟ್ ತರುವುದಿಲ್ಲವಂತೆ. ಓಣಿಯ ಪೆಟ್ಟಿಗೆಗಳೆಲ್ಲ ಸಾದಾ ಅಲೆಯಲ್ಲಿ ಒಂದರ ಮೇಲೊಂದು ಬಿದ್ದು ಒದ್ದಾಡುತ್ತವೆ, ಅದಕ್ಕೇ ನನ್ನ ಚಿತ್ರ ನಿಲ್ಲುತ್ತದೆ ಎಂದು ಹೇಳಿ, ಪೆಟ್ಟಿಗೆಯ ಚಾನೆಲ್ ಬದಲಿಸಿ ಹೋದ. ಸ್ವಲ್ಪ ಸುಧಾರಿಸಿತು. ಆದರೂ ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಮತ್ತೆ ಅದೇ ಹಾಡು.

ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನೆಗೆಣ್ಣಿ ಮುಚ್ಚಿಟ್ಟಿದ್ದರೆ ಜಗಳವಾಡಬಹುದಿತ್ತು. ಈಗ ಯಾರ ಜೊತೆ ಆಡಲಿ?

ಟೀಚರಬಾಯಿ ಫೋನು ಹಚ್ಚಿದ್ದು ಅಂಥದೇ ಸಂಜೆ. ಮದುವೆ ಜವಳಿಯ ಮೊದಲ ಸೀರೆಯ ಮಡಿಕೆಯನ್ನು ಹಿರಿ ಸೊಸೆಯೇ ಬಿಚ್ಚಬೇಕು, ಅದು ನಮ್ಮ ಮನೆಯ ಪದ್ಧತಿ. ಸೆರಗಿಗೆ ಕುಂಕುಮ ಹಚ್ಚಿ ಮಡಿಕೆ ಬಿಚ್ಚುವಷ್ಟರಲ್ಲಿ ನನ್ನ ಫೋನು ನಿಂತಿತು. “ಕಾಣವಲ್ದ್ರೀ” ಎಂಬುದಷ್ಟೇ ಕೇಳಿಸಿತು. ನೆಗೆಣ್ಣಿ ತನ್ನ ಫೋನಿನಿಂದ ಅವರಿಗೆ ಹಚ್ಚಿ, ನನ್ನೆದುರು ಹಿಡಿದು ನಿಂತಳು.

ಆ ಚಿತ್ರ ಅಲುಗಲಿಲ್ಲ. ಜರಿಯ ಎಳೆ ಎಳೆಯೂ ಕಾಣುತ್ತಿದೆ ಎಂದು ಟೀಚರಬಾಯಿ ಹಿಗ್ಗಿದರು. ಇಡೀ ಜವಳಿ ನಮ್ಮಲ್ಲೇ ಆಯಿತು.

“ಈ ನಂಬರ್ ಯಾರದ್ರಿ?” ಎಂದು ಕೊನೆಗೆ ಕೇಳಿದರು.

ನೆಗೆಣ್ಣಿ ನನ್ನ ಮುಖ ನೋಡಿದಳು.

“ನಮ್ಮ ನೆಗೆಣ್ಣಿದ್ರಿ. ಇದನ್ನ ಇಟ್ಕೊಳ್ರಿ, ಇದು ನಿಂದ್ರಂಗಿಲ್ಲ” ಎಂದೆ. ಆಮೇಲೆ ಸೀರೆ ಮಡಚಲು ಕುಳಿತೆ. ಮಡಿಕೆ ಸರಿ ಬರಲಿಲ್ಲ, ಬಿಚ್ಚಿ ಮತ್ತೆ ಮಡಚಿದೆ.