ಅಗೆಲಿನಲ್ಲಿ ಉಳಿದ ಕೋಳಿ

ನನಗೆ ಕಾಯುವುದಕ್ಕೆ ಬರುವುದಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ, ಬಸ್ಸು ಬರುವವರೆಗೆ ಸ್ಟ್ಯಾಂಡಿನ ಬೆಂಚಿನಲ್ಲಿ ಕೂರಲಾರೆ. ಅತ್ತೆಯ ಹೊಟ್ಟೆ ಕೆಟ್ಟ ಆ ವಾರ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು: "ಸ್ವಲ್ಪ ಕಾದು ನೋಡುವ." ಆ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆ ಇರುವುದು ಪುಂಜಾಲಕಟ್ಟೆಯ ಹತ್ತಿರ. ನಾನು ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರ್. ಗಂಡನಿಗೆ ಬಂಟ್ವಾಳ ಪೇಟೆಯಲ್ಲಿ ಪೈಪು, ಪೇಂಟುಗಳ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಬಿ.ಪಿ.ಗೂ ಶುಗರಿಗೂ ಮಾತ್ರೆ ತಿನ್ನುವವರು, ಆದರೆ ಅಂಗಳ ಗುಡಿಸುವುದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ವರ್ಷಕ್ಕೊಮ್ಮೆ ನಾವು ಮನೆಯ ದೈವಕ್ಕೆ ಅಗೆಲು ಬಡಿಸುತ್ತೇವೆ. ಬಾಳೆ ಎಲೆಯಲ್ಲಿ ಅನ್ನ ಮತ್ತು ಕೋಳಿ ಪದಾರ್ಥ, ಅಂದರೆ ಕೋಳಿಸಾರು, ಇಟ್ಟು ಪ್ರಾರ್ಥನೆ ಮಾಡಿ, ಆಮೇಲೆ ಅದನ್ನೇ ಪ್ರಸಾದವೆಂದು ಮನೆಮಂದಿ ಉಣ್ಣುವುದು. ನಮ್ಮ ಮನೆಯಲ್ಲಿ ಇದಕ್ಕೆ ಕೆಲವು ಕಟ್ಟುಗಳಿವೆ. ಅಡುಗೆ ಮಾಡುವಾಗ ರುಚಿ ನೋಡಬಾರದು. ಬಡಿಸಿದ್ದು ಅಂಗಳ ದಾಟಬಾರದು. ಉಳಿದದ್ದನ್ನು ಎಸೆಯಬಾರದು, ಮನೆಯವರೇ ತಿಂದು ಮುಗಿಸಬೇಕು. ಬೇರೆ ಮನೆಗಳಲ್ಲಿ ಬೇರೆ ಕ್ರಮ ಇರಬಹುದು, ನಮ್ಮಲ್ಲಿ ಹೀಗೆ.

ಸಾಧಾರಣವಾಗಿ ಬೆಳ್ತಂಗಡಿಯಿಂದ ನಾದಿನಿಯ ಸಂಸಾರ ಪೂರ್ತಿ ಬರುತ್ತದೆ. ಪಾತ್ರೆಯ ತಳ ಕಾಣದೆ ಅವರು ಏಳುವುದಿಲ್ಲ. ಆ ಸಲ ಅವಳ ಗಂಡನ ಮನೆಗೆ ಸೂತಕ ಬಂತು. ಸುದ್ದಿ ಬರುವಷ್ಟರಲ್ಲಿ ಪದಾರ್ಥ ಒಲೆಯಿಂದ ಇಳಿದಾಗಿತ್ತು. ಮಧ್ಯಾಹ್ನ ಇಳಿಸಿದ ಪಾತ್ರೆ ಮುಸ್ಸಂಜೆಗೆ ಬಡಿಸುವವರೆಗೆ ಮುಚ್ಚಿಕೊಂಡೇ ಇತ್ತು, ಬಡಿಸಿದ ಮೇಲೂ ಮುಕ್ಕಾಲು ಹಾಗೆಯೇ ಉಳಿಯಿತು. ಫ್ರಿಜ್ಜಿನಲ್ಲಿ ಇಡುವ ಅಂದೆ. "ಅದರಲ್ಲಿ ಎಂಜಲು, ಮುಸುರೆ ಎಲ್ಲ ಉಂಟು. ದೈವದ್ದು ಅಲ್ಲಿ ಬೇಡ," ಎಂದರು ಅತ್ತೆ. ಮನೆಯಲ್ಲಿ ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅತ್ತೆಯ ಖಾರ ಅರ್ಧ ಕಡಿಮೆಯಾಗುತ್ತದೆ.

ಮರುದಿನ ಬೆಳಿಗ್ಗೆ ಅದನ್ನೇ ಉಗುರುಬೆಚ್ಚಗೆ ಮಾಡಿ ದೋಸೆಯ ಜೊತೆ ಮೂವರೂ ತಿಂದೆವು. ಮಧ್ಯಾಹ್ನ ಕಳೆದು ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ ಬಿಡಿಸುತ್ತಿದ್ದಾಗ ನನ್ನ ಹೊಟ್ಟೆ ಹಿಂಡಿತು. ಲೆಕ್ಕವನ್ನು ಬೋರ್ಡಿನಲ್ಲೇ ಬಿಟ್ಟು ಓಡಿದೆ. ಗಂಡನಿಗೂ ಅಂಗಡಿಯಲ್ಲಿ ಅದೇ ಕಥೆ. ಆದರೆ ನಮಗೆ ಜ್ವರ ಇರಲಿಲ್ಲ, ವಾಂತಿಯೂ ಇಲ್ಲ. ಮಜ್ಜಿಗೆ, ಗಂಜಿತಿಳಿ ಕುಡಿದು ಮಲಗಿದೆವು. ಮರುದಿನ ಎದ್ದಾಗ ಸುಸ್ತು ಬಿಟ್ಟರೆ ಬೇರೇನೂ ಇರಲಿಲ್ಲ. ಹೊಟ್ಟೆ ಕೆಟ್ಟಿತ್ತು, ಸರಿಯಾಯಿತು, ಅಷ್ಟೇ ಅಂದುಕೊಂಡೆವು. ಕೋಳಿಯ ಹೆಸರು ಯಾರೂ ಎತ್ತಲಿಲ್ಲ. ದೈವದ ಊಟ ತಿಂದು ಹೊಟ್ಟೆ ಕೆಟ್ಟಿತು ಎಂದು ಯಾರ ಬಾಯಲ್ಲಿ ಬರಬೇಕು? ಸೆಕೆ ಜಾಸ್ತಿ, ಉಷ್ಣ ಆಗಿದೆ ಎಂದರು ಅತ್ತೆ. ಹೌದು ಎಂದೆವು. ಪಾತ್ರೆ ಏನಾಯಿತು ಎಂದು ನಾನು ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ನಮ್ಮ ಹೊಟ್ಟೆ ಸರಿಯಾದ ಆ ದಿನವೇ ಸಂಜೆ ನಾನು ಶಾಲೆಯಿಂದ ಬರುವಾಗ ಅತ್ತೆ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಂಗಳ ಗುಡಿಸಿರಲಿಲ್ಲ. ಅದನ್ನು ನೋಡಿದ ಕೂಡಲೇ ಬ್ಯಾಗು ಕೆಳಗಿಟ್ಟು ಹತ್ತಿರ ಹೋದೆ. ವಾಂತಿ, ಭೇದಿ ಎರಡೂ ಶುರುವಾಗಿದ್ದವು.

"ನಿಮಗೆ ಆದದ್ದೇ ನನಗೆ ಒಂದು ದಿನ ತಡ ಆಗಿ ಬಂದಿದೆ ಮಗಾ," ಎಂದರು.

ಗಂಡನೂ ಅದನ್ನೇ ನಂಬಿದರು. "ನಮಗೆ ಒಂದೇ ದಿನದಲ್ಲಿ ಗುಣ ಆಗ್ಲಿಲ್ವಾ? ಅಮ್ಮನಿಗೂ ಆಗ್ತದೆ. ಸ್ವಲ್ಪ ಕಾದು ನೋಡುವ." ನಾದಿನಿ ಫೋನಿನಲ್ಲಿ ದಾಳಿಂಬೆ ಸಿಪ್ಪೆಯ ಕಷಾಯ ಹೇಳಿದಳು, ಜೊತೆಗೆ ಭೇದಿ ನಿಲ್ಲಿಸುವ ಒಂದು ಮಾತ್ರೆಯನ್ನೂ. ನಾನು ಹಣೆ ಮುಟ್ಟಿ ನೋಡಿದೆ, ಕಾವು ಇತ್ತು. ನಮಗೆ ಇಲ್ಲದ ಜ್ವರ ಇವರಿಗೆ ಯಾಕೆ? ಆ ಮಾತ್ರೆ ಕೊಡಲು ಧೈರ್ಯ ಬರಲಿಲ್ಲ. ಓ.ಆರ್.ಎಸ್. ಪ್ಯಾಕೆಟನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ, ಚಮಚದಲ್ಲಿ ಕುಡಿಸುತ್ತಾ ಕೂತೆ. ಕೂತೆ ಎನ್ನುವುದು ಸುಳ್ಳು. ಕುಡಿಸುವುದು, ಎದ್ದು ಅಡುಗೆಮನೆಗೆ ಹೋಗುವುದು, ಏನಕ್ಕೆ ಹೋದೆ ಎಂದು ಮರೆತು ವಾಪಸು ಬರುವುದು, ಮತ್ತೆ ಹಣೆ ಮುಟ್ಟುವುದು. "ಒಂದು ಕಡೆ ಕೂತುಕೊಳ್ಳು ಮಾರಾಯ್ತಿ, ನನಗೆ ತಲೆ ತಿರುಗ್ತದೆ," ಎಂದು ಅತ್ತೆಯೇ ಬೈದರು.

ಬೆಳಿಗ್ಗೆ ರಜೆ ಹಾಕಿದೆ. ಅತ್ತೆ "ಈಗ ಅಡ್ಡಿಲ್ಲ" ಎಂದು ಏಳಲು ಹೋದವರು ಮಂಚದ ಕಾಲು ಹಿಡಿದುಕೊಂಡು ಕೂತುಬಿಟ್ಟರು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಕುಡಿಸಿದ ಚಮಚ ನೀರೂ ಹೊರಗೆ ಬರುತ್ತಿತ್ತು. ಮೂತ್ರಕ್ಕೆ ಹೋದಿರಾ ಎಂದು ಕೇಳಿದರೆ ಮುಖ ಆಚೆ ತಿರುಗಿಸಿದರು. ಅವರು ತೊಳೆಯಲು ಬಿಡದೆ ಬಚ್ಚಲಿನ ಮೂಲೆಗೆ ತಳ್ಳಿದ್ದ ಸೀರೆಯನ್ನು ಬಿಡಿಸಿ ನೋಡಿದೆ. ಅದರಲ್ಲಿ ರಕ್ತವಿತ್ತು.

"ಇದನ್ನು ಯಾಕೆ ಹೇಳ್ಲಿಲ್ಲ ಅತ್ತೆ?"

"ಅದನ್ನೆಲ್ಲ ಹೇಳಿಕೊಂಡು ತಿರುಗ್ಲಿಕ್ಕುಂಟಾ?"

ನಾನು ಗಂಡನ ಕಡೆ ತಿರುಗಿ ಸೀರೆ ತೋರಿಸಿದೆ. "ಇನ್ನು ಕಾಯುವ ಅಂದರೆ ನಾನೊಬ್ಬಳೇ ರಿಕ್ಷಾದಲ್ಲಿ ಎತ್ತಿಕೊಂಡು ಹೋಗ್ತೇನೆ." ಅವರು ಕಾರಿನ ಕೀ ತೆಗೆದರು. ಬಂಟ್ವಾಳದವರೆಗೆ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಎದುರಿಗೆ ಬಂದ ಪ್ರತಿಯೊಂದು ಲಾರಿಗೂ ನಾನು ಶಾಪ ಹಾಕಿದೆ. ಇವರನ್ನು ಕಳೆದುಕೊಳ್ಳುತ್ತೇನೆ ಎಂದು ಹೆದರಿದ್ದೆ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಹುಬ್ಬಳ್ಳಿ ಕಡೆಯ ಹುಡುಗಿ. ಅತ್ತೆಯ ನಾಲಿಗೆ ನೋಡಿದರು, ಮಲಗಿಸಿ ಒಮ್ಮೆ, ಎಬ್ಬಿಸಿ ಕೂರಿಸಿ ಒಮ್ಮೆ ಬಿ.ಪಿ. ನೋಡಿದರು. ಕೂತಾಗ ಬಿ.ಪಿ. ಇಳಿದುಹೋಯಿತು. ತಡಮಾಡದೆ ಡ್ರಿಪ್ ಹಾಕಿಸಿದರು, ರಕ್ತ ಮತ್ತು ಮಲ ಪರೀಕ್ಷೆಗೆ ಬರೆದರು. ಸೀರೆಯಲ್ಲಿ ಕಂಡ ರಕ್ತದ ವಿಷಯ ಹೇಳಿ, ಅತ್ತೆ ತಿನ್ನುವ ಮಾತ್ರೆಗಳನ್ನು ತೋರಿಸಿದೆ.

"ಇದು ನೀರು ಇಳಿಸೋ ಬಿ.ಪಿ. ಗುಳಿಗಿ. ಇವತ್ತೂ ಕೊಟ್ಟೀರೇನ್ರಿ?"

ಬೆಳಿಗ್ಗೆ ಅತ್ತೆ ತಾವೇ ನುಂಗಿದ್ದರು. ನುಂಗಿ ಅದನ್ನೂ ಕಕ್ಕಿದ್ದರು.

"ಕಕ್ಕಿದ್ದು ಛಲೋ ಆತು. ಮೈಯಾಗ ನೀರ ಇಲ್ಲದಾಗ ಇದು ಕಿಡ್ನಿಗೆ ಹೊಡೀತದ. ಈ ಶುಗರ್ ಗುಳಿಗೀನೂ ಸದ್ಯಕ್ಕ ಬ್ಯಾಡ, ಮತ್ತ ಯಾವಾಗ ಶುರು ಮಾಡಬೇಕು ಅಂತ ನಾವು ಹೇಳ್ತೀವಿ. ಭೇದಿ ನಿಲ್ಲಿಸೋ ಗುಳಿಗಿ ಏನಾರ ಕೊಟ್ರೇನು?"

"ಇಲ್ಲ, ಜ್ವರ ಉಂಟಂತ ಕೊಡ್ಲಿಲ್ಲ."

"ಪಾಡ ಆತು. ಜ್ವರ, ರಕ್ತ ಇದ್ದಾಗ ಅದನ್ನ ಕೊಡಬಾರದು." ಆಮೇಲೆ ಅತ್ತೆಯ ಕಡೆ ಬಗ್ಗಿದರು. "ಏನ್ ತಿಂದಿದ್ರಿ ಅಜ್ಜಿ?"

"ಗಂಜಿ," ಎಂದರು ಅತ್ತೆ.

"ಅದಕ್ಕ ಮೊದಲು?"

ಅತ್ತೆ ಕಣ್ಣು ಮುಚ್ಚಿಕೊಂಡರು. ಗಂಡ ಫ್ಯಾನು ನೋಡುತ್ತಾ ನಿಂತರು. ನನಗೆ ತಡೆಯಲಾಗಲಿಲ್ಲ. ಕೋಳಿ, ಅಗೆಲು, ರಾತ್ರಿಯಿಡೀ ಹೊರಗಿದ್ದ ಪಾತ್ರೆ, ನಮ್ಮಿಬ್ಬರ ಹೊಟ್ಟೆನೋವು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ದೈವಕ್ಕೆ ತಪ್ಪಾಗುವುದಿದ್ದರೆ ನನಗೇ ಆಗಲಿ ಎಂದುಕೊಂಡೆ.

"ನಿಮಗ ಆಗಿದ್ದೂ ಅದ ಊಟದಿಂದ ಇರಬಹುದು," ಎಂದರು ಡಾಕ್ಟರು. "ಒಂದ ಊಟ ಉಂಡ ಮೂರೂ ಮಂದಿಗೂ ಆತು ಅಂದ್ರ ಮೊದಲು ಊಟದ ಮ್ಯಾಲೇ ಸಂಶಯ. ನಿಮ್ಮದು ಒಂದ ದಿನದಾಗ ನಿಂತು ಹೋತು. ಖಾರ ಹೆಚ್ಚಾಗಿ ಹೊಟ್ಟಿ ಕೆಟ್ಟಿದ್ದೋ, ಫುಡ್ ಪಾಯ್ಸನ್ನೋ, ಶುರುವಿನಾಗ ನಮಗೂ ಹೇಳಾಕ ಬರೂದಿಲ್ಲ. ಹೆಸರು ಬಿಡ್ರಿ, ಲಕ್ಷಣ ನೋಡ್ರಿ. ಕುಡಿದ ನೀರು ಹೊಟ್ಟ್ಯಾಗ ನಿಲ್ಲವಲ್ಲದು, ಮೂತ್ರ ಕಡಿಮಿ ಆಗೇತಿ, ನಿಂತ್ರ ತಲಿ ತಿರುಗ್ತದ, ಜ್ವರ ಜೋರದ, ರಕ್ತ ಬರಾಕತ್ತದ, ಇದರಾಗ ಒಂದಿದ್ರೂ ಕಾಯಬಾರದು. ಏನೂ ಇರದಿದ್ರೂ ಎರಡ್ಮೂರು ದಿನದಾಗ ನಿಲ್ಲಲಿಲ್ಲಂದ್ರ ಬರಬೇಕು. ವಯಸ್ಸಾದವರು, ಬಸುರಿ, ಕೂಸು ಇದ್ರ ಅಷ್ಟೂ ಕಾಯಬ್ಯಾಡ್ರಿ."

ಕುದಿಸಿ ತಿಂದಿದ್ದರೆ ಹೀಗಾಗುತ್ತಿರಲಿಲ್ಲವಾ ಎಂದು ಗಂಡ ಸಣ್ಣ ದನಿಯಲ್ಲಿ ಕೇಳಿದರು. ಹೊರಗೆ ಇಟ್ಟ ಪದಾರ್ಥದಲ್ಲಿ ಹುಟ್ಟುವ ಕೆಲವು ವಿಷ ಕುದಿಸಿದರೂ ಹೋಗುವುದಿಲ್ಲವಂತೆ. ಮೂಗಿಗೂ ನಾಲಿಗೆಗೂ ಗೊತ್ತಾಗಲೇಬೇಕೆಂದಿಲ್ಲವಂತೆ. ಅಷ್ಟು ಹೇಳಿ ಡಾಕ್ಟರು ಅತ್ತೆಯನ್ನು ಅಡ್ಮಿಟ್ ಮಾಡಬೇಕೆಂದರು. ಮುಂದಿನ ಮಾತು ಕೇಳದೆ ಗಂಡ ಬಟ್ಟೆಬರೆ ತರಲು ಮನೆಗೆ ಹೊರಟುಹೋದರು. ಬೆಳಿಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ.

ಎರಡನೇ ಬಾಟ್ಲಿ ಇಳಿಯುವಾಗ ಅತ್ತೆಯ ಮುಖಕ್ಕೆ ಸ್ವಲ್ಪ ಕಳೆ ಬಂತು. ಆಗ ನನ್ನ ಸಿಟ್ಟಿಗೂ ಜೀವ ಬಂತು.

"ಅತ್ತೆ, ನಿಜ ಹೇಳಿ. ನಮಗೆ ಒಂದೇ ದಿನದಲ್ಲಿ ಹೋದದ್ದು ನಿಮಗೆ ಯಾಕೆ ಹೀಗಾಯಿತು?"

ಅತ್ತೆ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ಆಮೇಲೆ ಹೇಳಿದರು. "ನೀವು ಹೋದ ಮೇಲೆ ಮಧ್ಯಾಹ್ನ ತಿಂದೆ. ರಾತ್ರಿ ನೀವು ಗಂಜಿತಿಳಿ ಕುಡಿದು ಮಲಗಿದ ಮೇಲೆ ತಿಂದೆ. ಮರುದಿನ ಬೆಳಿಗ್ಗೆಯೂ ತಿಂದೆ."

"ಯಾಕೆ ಅತ್ತೆ?"

"ಮೂಗಿಗೆ ಸ್ವಲ್ಪ ಬೇರೆ ಹೊಡೆಯಿತು. ಎಸೀಲಿಕ್ಕೆ ಇಲ್ಲ. ಉಳಿದ್ರೆ ನೀವು ಬಂದು ತಿಂತೀರಿ. ನಾನೇ ಮುಗಿಸುವ ಅಂತ."

ನನಗೆ ಅಳು ಬಂತು. ಸೂಜಿ ಚುಚ್ಚಿದ ಕೈಯನ್ನು ಹಿಡಿಯಲಾಗದೆ ಇನ್ನೊಂದು ಕೈ ಹಿಡಿದುಕೊಂಡೆ. ಅತ್ತೆ ತಟ್ಟನೆ ಕಣ್ಣು ಬಿಟ್ಟರು.

"ಅವನು ಎಲ್ಲಿ?"

"ಮನೆಗೆ ಹೋಗಿದ್ದಾರೆ, ಬಟ್ಟೆಗೆ."

"ಪಾತ್ರೆಯಲ್ಲಿ ಇನ್ನೂ ಉಂಟು ಮಗಾ. ಪೂರ್ತಿ ಮುಗಿಸ್ಲಿಕ್ಕೆ ಆಗ್ಲಿಲ್ಲ."

ಗಂಡನನ್ನು ನಾನು ಬಲ್ಲೆ. ನಾನು ಡಾಕ್ಟರ ಮುಂದೆ ದೈವದ ಊಟಕ್ಕೆ ಹೆಸರಿಟ್ಟದ್ದು ಅವರ ಮನಸ್ಸನ್ನು ಕೊರೆಯುತ್ತಿರುತ್ತದೆ. ಡಾಕ್ಟರು ಹೇಳಿದ್ದನ್ನು ಕೇಳಿಯೂ ತಪ್ಪುಕಾಣಿಕೆಯ ಹಾಗೆ ಎರಡು ತುತ್ತು ತಿಂದೇ ಬಿಡುವ ಮನುಷ್ಯ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ವಾರ್ಡಿನಲ್ಲಿ ಆಚೆಯಿಂದ ಈಚೆಗೆ ನಡೆದೆ, ಕಾರಿಡಾರಿಗೆ ಬಂದೆ, ಸಿಗ್ನಲ್ ಇಲ್ಲವೇನೋ ಎಂದು ಕಿಟಕಿಗೆ ಹೋದೆ. ಕೊನೆಗೆ ಎತ್ತಿದರು.

"ಎಲ್ಲಿದ್ದೀರಿ?"

"ಅಡುಗೆಮನೆಯಲ್ಲಿ. ಪದಾರ್ಥ ಸ್ವಲ್ಪ ಉಂಟಲ್ಲ, ಬಿಸಿಗೆ ಇಟ್ಟಿದ್ದೇನೆ."

"ಮುಟ್ಟಬೇಡಿ!" ಎಂದು ಕಿರುಚಿದೆ. ಅವರು ಏನೋ ಗೊಣಗಿದರು. ಬಿಡಲಿಕ್ಕೆ ಆಗ್ತದಾ, ಹಾಗೆಲ್ಲ ಮಾಡಿದರೆ... ಅಷ್ಟರಲ್ಲಿ ಅತ್ತೆ ಕೈ ಚಾಚಿದರು. ಫೋನನ್ನು ಅವರ ಕಿವಿಗೆ ಹಿಡಿದೆ.

"ಮಗಾ, ತಿನಡ," ಎಂದರು. ತಿನ್ನಬೇಡ ಎನ್ನುವುದಕ್ಕೆ ನಮ್ಮ ತುಳುವಿನ ಆ ಒಂದು ಮಾತು ಸಾಕು. ಆದರೂ ಉಸಿರು ಎಳೆದುಕೊಂಡು ಮುಂದುವರಿಸಿದರು. "ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಹುಗಿದುಬಿಡು. ಮೇಲೆ ಮಣ್ಣು ಸರಿಯಾಗಿ ಹಾಕು, ನಾಯಿ ಕೆದಕ್ತದೆ. ದೈವಕ್ಕೆ ನಾನು ಹೇಳಿಕೊಳ್ತೇನೆ."

ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಅತ್ತೆ ಫೋನನ್ನು ನನ್ನ ಕಡೆ ದೂಡಿದರು. ಗಂಡ ಒಲೆ ಆರಿಸಿ, ಹಾರೆ ಹುಡುಕುತ್ತಾ ಹೊರಗೆ ಹೋಗುವ ಸದ್ದು ಕೇಳಿತು. ಮೊದಲ ಏಟು ನೆಲಕ್ಕೆ ಬೀಳುವವರೆಗೆ ನಾನು ಫೋನ್ ಇಡಲಿಲ್ಲ. ಆಮೇಲೆ ಅತ್ತೆಯ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತೆ, ಸಂಜೆಯವರೆಗೆ ಏಳಲಿಲ್ಲ.