ವಾರಿಜಕ್ಕ ತೆಗೆದ ಹಸಿರು

ಕಾಪುವಿನಲ್ಲಿ ನಮ್ಮ ಮನೆಯ ಪಕ್ಕದ ಶಿಶುವಿಹಾರಕ್ಕೆ ವಾರಿಜಾ ಆಯಾ ಆಗಿ ಬಂದು ಹದಿನೆಂಟು ವರ್ಷ. ಮೀನು ಮಾರುವವರ ಮಗಳು, ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹುಲ್ಲಿನ ಕಲೆ ತೆಗೆಯುವುದರಲ್ಲಿ ಎತ್ತಿದ ಕೈ.

ಮಕ್ಕಳು ಹುಲ್ಲಿನಲ್ಲಿ ಉರುಳಾಡಿ ಬಂದರೆ ಬಿಳಿ ಹತ್ತಿ ಪೈಜಾಮ ಗಿಳಿರೆಕ್ಕೆಯಾಗುತ್ತಿತ್ತು. ವಾರಿಜಾ ಮಗುವಿಗೆ ಚೀಲದಲ್ಲಿದ್ದ ಬೇರೆ ಬಟ್ಟೆ ತೊಡಿಸಿ, ಕಲೆ ಒಣಗುವ ಮೊದಲೇ ಕೂರುತ್ತಿದ್ದಳು. ಕಲೆಯ ಅಡಿಗೆ ಹಳೆಯ ಟವೆಲು. ಬಿಳಿ ಚಿಂದಿಗೆ ಔಷಧದಂಗಡಿಯ ಸ್ಪಿರಿಟ್ ತಾಗಿಸಿ, ಅಂಚಿನಿಂದ ನಡುವಿಗೆ ಒತ್ತುವುದು, ಉಜ್ಜುವುದಲ್ಲ. ಹಸಿರು ಚಿಂದಿಗೆ ಇಳಿದಂತೆ ಚಿಂದಿಯ ಮಗ್ಗುಲು ಬದಲಿಸುವುದು. ಆಮೇಲೆ ಸೋಪು, ತಣ್ಣೀರು.

"ಬಿಸಿನೀರು ತಾಗಿದರೆ ಹಸಿರು ನೂಲು ಬಿಡುವುದಿಲ್ಲ ಮಾರಾಯ್ತಿ, ಒಗೆಯುವ ಸೋಡಾ ಅಂತೂ ಬೇಡವೇ ಬೇಡ," ಎಂದು ನನ್ನ ಹೆಂಡತಿಗೂ ಪಾಠ ಹೇಳಿದವಳು. ಬಿಸಿಲಿಗೆ ಹರವಿದರೆ ಸಂಜೆಗೆ ಗರಿಗರಿ. ಬೆಳಿಗ್ಗೆ ಬಂದ ಬಟ್ಟೆಯಲ್ಲೇ ಮಗು ಮನೆಗೆ.

ಪ್ರಣೀತಾ ಮಣಿಪಾಲದಲ್ಲಿ ಕೆಲಸಕ್ಕಿದ್ದಳು. ಶಿಶುವಿಹಾರಕ್ಕೆ ಬರುತ್ತಿದ್ದ ಅವಳ ಮಗಳು ಧೃತಿಗೆ ನಾಲ್ಕೂವರೆ. ಸಂಜೆ ಮಗಳನ್ನು ಎತ್ತಿಕೊಳ್ಳುವಾಗ ನಗುತ್ತಿದ್ದಳು: "ನಿಮ್ಮಲ್ಲಿ ಮಕ್ಕಳು ಆಡುವುದುಂಟಾ ವಾರಿಜಕ್ಕ, ಇಲ್ಲ ಗೋಡೆಗೆ ಒರಗಿಸಿ ಇಡ್ತೀರಾ?"

ವಾರಿಜಾ ಉಬ್ಬಿಹೋಗುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಧೃತಿಗೆ ವಾಂತಿ, ತಲೆನೋವು. ಮಣಿಪಾಲದ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ಒಳಗೆ ಗಡ್ಡೆ ಉಂಟು ಎಂದರು. ಮರುದಿನ ಪ್ರಣೀತಾ ಮಗಳ ಚೀಲ ಕೊಂಡುಹೋಗಲು ಬಂದಳು. ನಾನು ಬೇಲಿಯ ಈಚೆ ಇದ್ದೆ.

"ಮಗು ಆಗಾಗ ಬೀಳ್ತಿತ್ತಾ ಅಂತ ಡಾಕ್ಟರು ಕೇಳಿದ್ರು ವಾರಿಜಕ್ಕ. ಇಲ್ಲ ಅಂದೆ. ಬಿದ್ದಿದ್ರೆ ಬಟ್ಟೆಯಲ್ಲಿ ಕಾಣ್ತಿತ್ತಲ್ವಾ?"

ವಾರಿಜಾ ಹಿಂಡುತ್ತಿದ್ದ ಅಂಗಿ ಬಕೆಟಿಗೆ ಜಾರಿತು. ಸುಳ್ಳಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಬೀಳ್ತಿತ್ತು ಪ್ರಣೀತಮ್ಮ. ಎರಡು ತಿಂಗಳಿಂದ. ಯಾವಾಗಲೂ ಬಲ ಮೊಣಕಾಲು, ಬಲ ಮೊಣಕೈ. ದಿನಾ ಅದೇ ಜಾಗದ ಹಸಿರು ತೆಗೆದೆ ನಾನು. ತುಂಟಾಟ ಅಂದುಕೊಂಡೆ."

ಪ್ರಣೀತಾ ಬೈಯಲಿಲ್ಲ. ಚೀಲ ತೆರೆದು, ವಾರಿಜಾ ಒಗೆದಿಟ್ಟಿದ್ದ ಪೈಜಾಮ ತೆಗೆದಳು. ಬಲ ಮೊಣಕಾಲನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಒಳಮಗ್ಗುಲನ್ನೂ ನೋಡಿದಳು. ಹಾಲಿನಂತೆ ಬಿಳಿ.

"ಒಂದು ಸಲ, ಒಂದೇ ಸಲ ಹಾಗೇ ಕಳಿಸಿದ್ದಿದ್ರೆ..." ಅಂದಳು. ಪೈಜಾಮ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಧೃತಿ ಪುಷ್ಯ ಮಾಸದಲ್ಲಿ ತೀರಿಕೊಂಡಳು. ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದಳೋ ಎಂದು ವಾರಿಜಾ ಡಾಕ್ಟರರನ್ನೇ ಹೋಗಿ ಕೇಳಿದಳಂತೆ. ಹೇಳಲಾಗದು ಎಂದರಂತೆ. ಯಾರಾದರೂ ಬೈದಿದ್ದರೂ ವಾರಿಜಾ ತಾಳಿಕೊಳ್ಳುತ್ತಿದ್ದಳು, ಈ ಉತ್ತರವನ್ನು ತಾಳಲಾಗಲಿಲ್ಲ.

ಮೊನ್ನೆ ಒಬ್ಬ ತಾಯಿ ಗೇಟಿನಲ್ಲಿ ಕೊಂಕು ನುಡಿದಳು: "ಎಂತ ವಾರಿಜಕ್ಕ, ಕೈ ಸೋತಿತಾ? ತನ್ವಿಯ ಪೈಜಾಮ ಪೂರಾ ಹಸಿರು!"

ವಾರಿಜಾ ಮಗುವಿನ ಮುಂದೆ ಮಂಡಿಯೂರಿ ಕಲೆಯ ಮೇಲೆ ಬೆರಳಿಟ್ಟಳು.

"ಎಡ ಮೊಣಕಾಲು. ಹತ್ತೂವರೆಗೆ. ಜಾರುಬಂಡಿಯಿಂದ ಹಾರಿದ್ದು, ಬಿದ್ದದ್ದಲ್ಲ. ನೋಡಿಕೊಳ್ಳಿ ಅಮ್ಮ. ನೋಡಿದಿರಾ? ಈಗ ಬದಲಿಸಿ ಕೊಡಿ, ತೆಗೆದುಕೊಡ್ತೇನೆ."