ಬೂಟಿನ ತುದಿಯಲ್ಲಿ ತುರುಕಿದ ಕಾಗದ

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ದಾಂಡೇಲಿಯ ನಮ್ಮ ಓಣಿಯ ತುದಿಯಲ್ಲಿ, ನನ್ನ ಮಗಳು ಶಾಲೆಯ ವ್ಯಾನಿನ ಮೆಟ್ಟಿಲ ಮೇಲೆ ಬಲಗಾಲಿಟ್ಟಳು. ಬೂಟು ಮೆಟ್ಟಿಲ ಮೇಲೆಯೇ ಉಳಿಯಿತು, ಹಿಮ್ಮಡಿ ಹೊರಬಂತು. ಹಿಂದಕ್ಕೆ ಬಿದ್ದವಳು ಚಕ್ರದ ಪಕ್ಕಕ್ಕೆ ಉರುಳಿದಳು. ಕೂಸು ಒಳಗೆ ಹೋಯಿತೆಂದು ತಿಳಿದು ಡ್ರೈವರ್ ಗಾಡಿ ಬಿಟ್ಟ.

"ಏ ನಿಂದರಸೋ! ಕೂಸು ಕೆಳಗೈತಿ!" ಎಂದು, ನನ್ನ ಜೊತೆ ಅವಳನ್ನು ಹತ್ತಿಸಲು ಬಂದಿದ್ದ ಮಾವನವರು ವ್ಯಾನಿನ ತಗಡಿಗೆ ಗುದ್ದಿದರು. ಗಾಡಿ ನಿಂತಿತು. ಚಕ್ರಕ್ಕೂ ಅವಳ ಜಡೆಗೂ ನಡುವೆ ಒಂದು ಗೇಣು ಇತ್ತು. ಆ ಗೇಣು ಈಗಲೂ ಕಣ್ಣ ಮುಂದೆ ಬರುತ್ತದೆ.

ಆ ಬೂಟನ್ನು ನಾವು ಆರಿಸಿದ್ದಲ್ಲ. ಸಮವಸ್ತ್ರದ ಜೊತೆ ಶಾಲೆಯೇ ಕೊಟ್ಟಿತ್ತು. ಎಲ್‌ಕೆಜಿಗೆಲ್ಲ ಒಂದೇ ಸೈಜು! ಕಾಲು ನೋಡಿ ಅಲ್ಲ, ತರಗತಿ ನೋಡಿ. ಹಲಗೆಯಂಥ ಅಟ್ಟೆ. ಮಿಲ್ಲಿನಿಂದ ನಿವೃತ್ತರಾದ ಮಾವನವರು ಮುಂದಿನ ಖಾಲಿ ಜಾಗಕ್ಕೆ ಕಾಗದ ಮಡಚಿ ತುರುಕಿ, "ಬೆಳಿಯೂ ಕಾಲವ್ವಾ, ಎರಡ ವರ್ಷ ತಡೀತಾವ" ಎಂದಿದ್ದರು. ಕಾಗದ ಬೆರಳನ್ನು ಒತ್ತಿತು, ಹಿಮ್ಮಡಿಯನ್ನು ಹಿಡಿಯಲಿಲ್ಲ. ಕಾಲು ಬಾಗುವಾಗ ಬಾಗದ ಅಟ್ಟೆ ಹಿಂದೆಯೇ ಉಳಿಯಿತು.

ಶಾಲೆಗೆ ಹೋದೆ. ಮೇಲ್ವಿಚಾರಕಿ ನಕ್ಕರು. "ಉಳದ ಮಕ್ಕಳು ಬಿದ್ದಿಲ್ರಿ. ನಿಮ್ಮ ಹುಡುಗೀಗೆ ನೋಡಿ ನಡೀಲಿಕ್ಕೆ ಕಲಸ್ರಿ."

"ನಾಲ್ಕ ವರ್ಷದ ಕೂಸಿಗೆ ನಡಿಯೂದ ಕಲಸ್ಬೇಕೋ, ನೀವ ನಿಮ್ಮ ಬೂಟ ನೋಡ್ಬೇಕೋ?" ಎಂದೆ. ಬೂಟನ್ನು ಅವರ ಮೇಜಿನ ಮೇಲಿಟ್ಟು, "ಬಗ್ಗಿಸ್ರಿ ಇದನ್ನ" ಎಂದೆ. ಎರಡೂ ಕೈಯಿಂದ ಒತ್ತಿದರು, ಬಗ್ಗಲಿಲ್ಲ. ನಗು ನಿಂತಿತು. "ಬ್ಯಾರೇದು ತಗೋರಿ, ಬಣ್ಣ ಮಾತ್ರ ಕರೀದ ಇರ್ಲಿ" ಎಂದು ಮುಖ ತಿರುಗಿಸಿದರು. ಕ್ಷಮೆಯ ಮಾತಿಲ್ಲ!

ಸಂಜೆ ಮಗಳನ್ನು ಕರೆದುಕೊಂಡು ಮಾವನವರೂ ನಾನೂ ಪೇಟೆಗೆ ಹೋದೆವು. ಅಂಗಡಿಯವ ಮೊದಲು ತೆಗೆದದ್ದು ಮಧ್ಯದಲ್ಲೇ ಚಪಾತಿಯಂತೆ ಮಡಚಿಕೊಂಡಿತು. "ಮೆತ್ತಗ ಐತಲ್ರೀ ಅಕ್ಕಾರ?" ಎಂದ. "ನಡುವ ಬಗ್ಗಬಾರದು, ಬೆರಳ ಬುಡದಾಗ ಬಗ್ಗಬೇಕು" ಎಂದೆ. ಇನ್ನೊಂದು ಜೊತೆ ಹಾಕಿ, ಕಾಲುಚೀಲ ಸಮೇತ ಅವಳನ್ನು ನಿಲ್ಲಿಸಿದೆ. ಎರಡೂ ಪಾದಗಳಲ್ಲಿ ಉದ್ದದ ಬೆರಳಿನ ಮುಂದೆ ನನ್ನ ಹೆಬ್ಬೆರಳಿನ ಅಗಲ ಜಾಗ.

"ಇನ್ನೊಂದ ಸೈಜ್ ದೊಡ್ಡದ..." ಎಂದು ಮಾವನವರು ಬಾಯಿ ತೆಗೆದರು.

"ಮಾವಾರ, ಬೆಳೀಲಿಕ್ಕೆ ಇಷ್ಟ ಸಾಕು. ಸಣ್ಣದಾದ್ರ ಮತ್ತ ತರೂಣು."

ಪಟ್ಟಿ ಬಿಗಿದು ಅಂಗಡಿಯ ಮೆಟ್ಟಿಲು ಹತ್ತಿಸಿ ಇಳಿಸಿದೆ. ಹಿಮ್ಮಡಿ ಜಾರಲಿಲ್ಲ. ಮಾವನವರು ಮನೆಗೆ ಬಂದು ಹಳೆಯ ಬೂಟಿನ ಕಾಗದ ಕಿತ್ತು ಒಲೆಗೆ ಹಾಕಿದರು.

ಆದರೂ ರಾತ್ರಿ ಮಗಳು ಚೀರಿ ಏಳುತ್ತಿದ್ದಳು, ನಾನು ಮೊದಲೇ ಎಚ್ಚರವಿರುತ್ತಿದ್ದೆ. ವ್ಯಾನಿನ ಹತ್ತಿರ ಹೋದರೆ ನನ್ನ ಸೆರಗು ಬಿಡುತ್ತಿರಲಿಲ್ಲ. ಒಂದು ಶನಿವಾರ ಕೈ ಕೊಸರಿಕೊಂಡು, "ನೀ ಅತ್ತ ಸರಿ ಅವ್ವಾ" ಎಂದು ತಾನೇ ವ್ಯಾನು ಹತ್ತಿದಳು. ಆ ರಾತ್ರಿ ಇಬ್ಬರೂ ಬೆಳಗಿನವರೆಗೆ ಮಲಗಿದೆವು.